ಹಾಡ್ಕಿನ್ ಅಥವಾ ನಾನ್-ಹಾಡ್ಕಿನ್: ಸ್ಲೈಡಿನಲ್ಲಿ ಕಾಣುವ ವ್ಯತ್ಯಾಸ

ಹಾಡ್ಕಿನ್, ನಾನ್-ಹಾಡ್ಕಿನ್ ಎರಡೂ ಲಿಂಫೋಮಾ, ಅಂದರೆ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್. ಕ್ಲಾಸಿಕಲ್ ಹಾಡ್ಕಿನ್ ಲಿಂಫೋಮಾದ ಸ್ಲೈಡಿನಲ್ಲಿ ಕ್ಯಾನ್ಸರ್ ಕೋಶವನ್ನು ಹುಡುಕಬೇಕು. ಉರಿಯೂತದ ಕೋಶಗಳ ಗುಂಪಿನಲ್ಲಿ ಅಲ್ಲೊಂದು ಇಲ್ಲೊಂದು ರೀಡ್-ಸ್ಟರ್ನ್‌ಬರ್ಗ್ ಕೋಶ ಸಿಗುತ್ತದೆ. ಅದರ ಎರಡು ನ್ಯೂಕ್ಲಿಯಸ್‌ಗಳು ಗೂಬೆಯ ಕಣ್ಣುಗಳಂತೆ ಕಾಣುತ್ತವೆ. ನಾನ್-ಹಾಡ್ಕಿನ್ ಪೈಕಿ ಹೆಚ್ಚು ಕಾಣುವ ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ, ಅಂದರೆ ಡಿಎಲ್‌ಬಿಸಿಎಲ್‌ನಲ್ಲಿ ಹುಡುಕುವ ಮಾತೇ ಇಲ್ಲ, ದೊಡ್ಡ ಬಿ-ಕೋಶಗಳೇ ತುಂಬಿಕೊಂಡಿರುತ್ತವೆ.

ರೂಪವನ್ನಷ್ಟೇ ನಂಬುವಂತಿಲ್ಲ; ಅಂಥ ಕಣ್ಣುಗಳು ಕೆಲವು ವೈರಸ್ ಸೋಂಕುಗಳಲ್ಲೂ ಕಾಣಿಸುತ್ತವೆ. ಆದ್ದರಿಂದ ಕೋಶದ ಮೇಲಿನ ಸಿಡಿ30, ಸಿಡಿ20ಯಂಥ ಪ್ರೋಟೀನ್‌ಗಳನ್ನು ಬಣ್ಣದಿಂದ ತೋರಿಸುವ ಇಮ್ಯುನೊ ಸ್ಟೇನ್ ಬೇಕು. ಹಾಡ್ಕಿನ್ ಕೋಶದಲ್ಲಿ ಸಿಡಿ30 ಪಾಸಿಟಿವ್, ಸಿಡಿ20 ಸಾಮಾನ್ಯವಾಗಿ ನೆಗೆಟಿವ್. ಡಿಎಲ್‌ಬಿಸಿಎಲ್‌ನಲ್ಲಿ ಸಿಡಿ20 ಗಾಢವಾಗಿರುತ್ತದೆ.

ರಿಟುಕ್ಸಿಮ್ಯಾಬ್ ಎಂಬ ಔಷಧಿ ಅಂಟಿಕೊಳ್ಳುವುದು ಸಿಡಿ20ಗೇ. ಹಾಗಾಗಿ ಡಿಎಲ್‌ಬಿಸಿಎಲ್‌ಗೆ ಸಾಮಾನ್ಯವಾಗಿ 21 ದಿನಕ್ಕೊಮ್ಮೆ, ಈ ಔಷಧಿಯೂ ಸೇರಿದ ಆರ್-ಚಾಪ್ ಕೀಮೋ. ಹಾಡ್ಕಿನ್‌ಗೆ ಬಹಳ ಕಡೆ 14 ದಿನಕ್ಕೊಮ್ಮೆ ಎಬಿವಿಡಿ ಎಂಬ ಕೀಮೋ. ಸೂಜಿ ಪರೀಕ್ಷೆಯಲ್ಲಿ ವಿರಳವಾದ ರೀಡ್-ಸ್ಟರ್ನ್‌ಬರ್ಗ್ ಕೋಶ ತಪ್ಪಿಹೋಗಬಹುದು. ಸಾಧ್ಯವಿದ್ದರೆ ಇಡೀ ಗಂಟನ್ನೇ ತೆಗೆಸಿ ಬಯಾಪ್ಸಿಗೆ ಕಳಿಸಿ.