ಶಾಲೆಯ ದಾಖಲೆಯೋ, ಮೂಳೆ ಪರೀಕ್ಷೆಯೋ?

ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಘಟಕದ ಹುಡುಗನೊಬ್ಬ ಹೊಡೆದಾಟದ ಕೇಸಿನಲ್ಲಿ ಸಿಕ್ಕಿಬಿದ್ದ ಅಂತಿಟ್ಟುಕೊಳ್ಳಿ. ಘಟನೆ ನಡೆದದ್ದು 2024ರ ಆಗಸ್ಟ್ 10ರಂದು. ಅವನು ಹದಿನೆಂಟು ತುಂಬದ ಬಾಲಕನೋ ಅಲ್ಲವೋ ಎಂಬ ಎಣಿಕೆಗೆ ಬರುವುದು ಆ ದಿನದ ವಯಸ್ಸು, ಬಂಧನದ ದಿನದ್ದಲ್ಲ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 2006ರ ನವೆಂಬರ್ 3 ಅಂತಿದ್ದರೆ ಅವನಿಗೆ 17 ವರ್ಷ 9 ತಿಂಗಳು, ಬಾಲಕನೇ. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರವನ್ನು ಮೊದಲಿಗೆ ಇಡುತ್ತದೆ. ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪತ್ರ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೆ ಬರೀ ಟಿ.ಸಿ. ಹಿಡಿದು ಹೋಗಬೇಡಿ. ಟಿ.ಸಿ. ಈ ಕಲಂ ಹೇಳುವ ದಾಖಲೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲೇ ಹೇಳಿದೆ. ಹೆಡ್‌ಮಾಸ್ಟರ್ ಹತ್ತಿರ ಜನ್ಮದಿನಾಂಕದ ಪ್ರಮಾಣಪತ್ರವನ್ನೇ ಕೇಳಿ, ದಾಖಲಾತಿ ಪುಸ್ತಕವನ್ನೂ ತರಿಸಿ. ಕೇಸಾದ ಮೇಲೆ ಮಾಡಿಸಿದ ಜನನ ನೋಂದಣಿಯನ್ನು ಎದುರಿನವರು ಖಂಡಿತ ಕೆದಕುತ್ತಾರೆ.

ಇವೆರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ, ಅದೂ ಆದೇಶವಾದ 15 ದಿನದೊಳಗೆ. ಮಣಿಕಟ್ಟು, ಮೊಣಕೈ, ಸೊಂಟ, ಕೊರಳ ಮೂಳೆಗಳ ಎಕ್ಸ್‌ರೇಯಲ್ಲಿ ತುದಿಗಳು ಎಷ್ಟು ಬೆಸೆದಿವೆ ಎಂದು ನೋಡುತ್ತಾರೆ. ಆರು ತಿಂಗಳು ಕಳೆದು, 2025ರ ಫೆಬ್ರವರಿಯಲ್ಲಿ ಎಕ್ಸ್‌ರೇ ತೆಗೆದು ‘18ರಿಂದ 19’ ಎಂದು ಬರೆದರೆ, ಘಟನೆಯ ದಿನಕ್ಕೆ ಅದು ಹದಿನೇಳೂವರೆಯಿಂದ ಹದಿನೆಂಟೂವರೆ. ಹದಿನೆಂಟರ ಗೆರೆ ಸರಿಯಾಗಿ ನಡುವೆಯೇ ಹಾದುಹೋಗುತ್ತದೆ! ಎರಡು ವರ್ಷದ ಹೆಚ್ಚುಕಡಿಮೆಯನ್ನೂ ನ್ಯಾಯಾಲಯಗಳು ಒಪ್ಪಿವೆ.

ಹಾಗಾಗಿ ಹಳೆಯ ಶಾಲಾ ದಾಖಲೆ ಸಿಗುವ ಸಾಧ್ಯತೆ ಇರುವ ತನಕ ನಾನು ಎಕ್ಸ್‌ರೇ ಕೇಳುವುದಿಲ್ಲ. ತಡವಾಯಿತೆಂದು ಹೆದರಬೇಡಿ, ಬಾಲಕನೆಂಬ ವಾದವನ್ನು ಕೇಸಿನ ಯಾವ ಹಂತದಲ್ಲಾದರೂ ಎತ್ತಬಹುದು.