ಪಾಲಿಸಿ ಜೊತೆಗಿನ ಪತ್ರ: ಪಟ್ಟಿ ಕೊಡೋದಾ, ಲೆಕ್ಕ ತೋರಿಸೋದಾ?

ಮೊದಲ ಸಲ ವಿಮೆ ಮಾಡಿಸುವ ಸಣ್ಣ ವ್ಯಾಪಾರಿಗೆ ಪಾಲಿಸಿ ಕಳಿಸುವಾಗ ಜೊತೆಗೊಂದು ಪತ್ರ ಇಡುತ್ತೇನೆ. ಯಾವುದಕ್ಕೆ ಪರಿಹಾರ ಇಲ್ಲ, ಯಾವುದಕ್ಕೆ ಇದ್ದರೂ ಮಿತಿ ಇದೆ ಅಂತ ಅದರಲ್ಲಿರುತ್ತದೆ. ಇದನ್ನು ಎರಡು ಥರ ಬರೆದು ನೋಡಿದ್ದೇನೆ.

ಮೊದಮೊದಲು ಪಾಲಿಸಿಯಲ್ಲಿದ್ದ ಹೊರಗಿಡುವಿಕೆಗಳನ್ನೂ ಉಪಮಿತಿಗಳನ್ನೂ ಹಾಗೇ ಇಳಿಸಿ ಪಟ್ಟಿ ಮಾಡುತ್ತಿದ್ದೆ. ಬರೆಯುವವರಿಗೆ ಇದು ಸುರಕ್ಷಿತ, ಒಂದು ಮಾತೂ ತಪ್ಪುವುದಿಲ್ಲ. ಆದರೆ ಒಬ್ಬರು ಅದಕ್ಕೆ ಸಹಿ ಹಾಕಿ ಕಳಿಸಿದ ಮೇಲೂ ಫೋನ್ ಮಾಡಿ, "ಮಾಲಿಗೆ 20 ಲಕ್ಷ, ಕಳ್ಳತನಕ್ಕೆ ಬೇರೆ 2 ಲಕ್ಷ, ಒಟ್ಟು 22 ಅಲ್ವಾ ಸಾರ್?" ಅಂದರು. ಉಪಮಿತಿ 20ರ ಒಳಗಿನದು, ಅದರ ಮೇಲಿನದಲ್ಲ. ನನ್ನ ಪಟ್ಟಿಯಲ್ಲಿ ಎರಡೂ ಒಂದರ ಕೆಳಗೊಂದು ಇದ್ದವು. ಯಾರೇ ಆದರೂ ಕೂಡಿಸಿಯೇ ಕೂಡಿಸುತ್ತಾರೆ.

ಆಮೇಲೆ ಒಂದೇ ಪುಟದಲ್ಲಿ ಲೆಕ್ಕ ತೋರಿಸತೊಡಗಿದೆ. "ಬೀಗ ಒಡೆದು 5 ಲಕ್ಷದ ಮಾಲು ಕದ್ದರು ಅಂತ ಇಟ್ಟುಕೊಳ್ಳಿ. ಕಳ್ಳತನದ ಮಿತಿ 2 ಲಕ್ಷ, ನೀವೇ ಭರಿಸಬೇಕಾದ ಮೊದಲ ಪಾಲು 25 ಸಾವಿರ. ನಿಮ್ಮ ಕೈಗೆ ಬರುವುದು 1.75 ಲಕ್ಷ." ಇದನ್ನು ಓದಿದ ಕೂಡಲೇ ಮಿತಿ ಏರಿಸಿದರೆ ಪ್ರೀಮಿಯಂ ಎಷ್ಟಾಗುತ್ತದೆ ಅಂತ ಕೇಳುತ್ತಾರೆ. ಪಟ್ಟಿ ಕಳಿಸಿದಾಗ ಯಾರೂ ಕೇಳಿರಲಿಲ್ಲ.

ಈ ದಾರಿಯಲ್ಲಿ ಎಡವುವುದೂ ಸುಲಭ. ಮೊದಲ ಪಾಲನ್ನು ನಷ್ಟದಿಂದ ಕಳೆದು ಆಮೇಲೆ ಮಿತಿ ಹಚ್ಚಿದರೆ 4.75 ಲಕ್ಷ 2ಕ್ಕೆ ಇಳಿಯುತ್ತದೆ, ಪೂರ್ತಿ 2 ಲಕ್ಷ ಸಿಗುತ್ತದೆ. ಮೊದಲು ಮಿತಿ ಹಚ್ಚಿ ಆಮೇಲೆ ಕಳೆದರೆ 1.75. ಯಾವ ಕ್ರಮ ಅನ್ನುವುದು ಆಯಾ ಪಾಲಿಸಿಯ ಒಕ್ಕಣೆಗೆ ಬಿಟ್ಟದ್ದು. ಅದನ್ನು ಓದದೆ ಹಳೇ ಪತ್ರದ ಅಂಕಿ ಎತ್ತಿಹಾಕಿದರೆ ಕೆಟ್ಟಿರಿ.

ಇನ್ನೊಂದು ತಪ್ಪು ನಾನೇ ಮಾಡಿದ್ದು. ಸರಳವಾಗಲಿ ಅಂತ "ಕಳ್ಳತನಕ್ಕೆ ಕವರ್ ಇದೆ" ಎಂದಷ್ಟೇ ಬರೆದೆ. ಆ ಪಾಲಿಸಿಯಲ್ಲಿದ್ದದ್ದು ಬಲವಂತವಾಗಿ ಒಳನುಗ್ಗಿದರೆ ಮಾತ್ರ. ಹಾಡುಹಗಲೇ ಗಿರಾಕಿಯ ಹಾಗೆ ಬಂದು ಎತ್ತಿಕೊಂಡು ಹೋದದ್ದಕ್ಕೂ, ಸ್ಟಾಕ್ ಎಣಿಸುವಾಗ ಕಾರಣ ತಿಳಿಯದೆ ಕಮ್ಮಿ ಬಿದ್ದದ್ದಕ್ಕೂ ಏನೂ ಸಿಗದು. ಅದೃಷ್ಟಕ್ಕೆ ಪತ್ರ ಹೋಗುವ ಮೊದಲೇ ಸಹೋದ್ಯೋಗಿಯ ಕಣ್ಣಿಗೆ ಬಿತ್ತು. ಕ್ಲೇಮ್ ಬಂದಮೇಲೆ ಗೊತ್ತಾಗಿದ್ದರೆ ನನ್ನ ಆ ಒಂದು ಸಾಲನ್ನೇ ನನ್ನ ಮುಂದೆ ಹಿಡಿಯುತ್ತಿದ್ದರು.

ಹಾಗಂತ ಪಟ್ಟಿಗೆ ವಾಪಸ್ ಹೋಗಿಲ್ಲ. ಈಗ ಪ್ರತಿ ಉದಾಹರಣೆಯ ಪಕ್ಕ ಪಾಲಿಸಿಯ ಕಲಂ ಸಂಖ್ಯೆ ಹಾಕುತ್ತೇನೆ, ವ್ಯತ್ಯಾಸ ಬಂದರೆ ಪಾಲಿಸಿಯ ಮಾತೇ ಅಂತಿಮ ಎಂದೂ ಬರೆಯುತ್ತೇನೆ. ಹೊರಗಿಟ್ಟವುಗಳಲ್ಲಿ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬಹುದಾದದ್ದನ್ನು ಮೊದಲು ಇಡುತ್ತೇನೆ. ಸವೆತದಂಥ, ಏನು ಮಾಡಿದರೂ ಸಿಗದವು ಕೊನೆಗೆ. ಸಹಿ ಕೇಳುವ ಬದಲು ಫೋನಿನಲ್ಲಿ ಒಂದೇ ಪ್ರಶ್ನೆ: "5 ಲಕ್ಷದ ಮಾಲು ಹೋದರೆ ನಿಮಗೆಷ್ಟು ಬರುತ್ತೆ, ಹೇಳಿ?" 5 ಅಂದರೆ ಪತ್ರ ಮತ್ತೆ ಬರೆಯುತ್ತೇನೆ.