ಮಡಚುವ ಮುಚ್ಚಳಕ್ಕೆ ಪಿಇಟಿಜಿಯೋ, ನೈಲಾನೋ?

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಗೆಳೆಯನೊಬ್ಬ ಗುಂಡಿ, ರಿವೆಟ್ ಇಡಲು ಡಬ್ಬಿ ಕೇಳಿದ. ಮುಚ್ಚಳ, ಡಬ್ಬಿ ಎರಡೂ ಒಂದೇ ತುಂಡು. ನಡುವಿನ ತೆಳು ಪಟ್ಟಿಯೇ ಕೀಲು.

ಮೊದಲನೆಯದನ್ನು 3ಡಿ ಪ್ರಿಂಟರ್‌ನಲ್ಲಿ, ಪಿಇಟಿಜಿ ಎಂಬ ಪ್ಲಾಸ್ಟಿಕ್ಕಿನಲ್ಲಿ, ನಿಲ್ಲಿಸಿ ಮುದ್ರಿಸಿದೆ. ಮೂರನೇ ದಿನ ಮುಚ್ಚಳ ಕೈಗೇ ಬಂತು. ಮುರಿದ ಅಂಚು ಗೆರೆ ಎಳೆದಷ್ಟು ನೇರ, ನುಣುಪು. ಅಂದರೆ ಪ್ಲಾಸ್ಟಿಕ್ ಹರಿದಿರಲಿಲ್ಲ, ಪದರಗಳು ಬಿಟ್ಟುಕೊಂಡಿದ್ದವು. ಪದರದ ಸೇರುವೆ ಮಡಿಕೆಯ ಗುಂಟ ಬಿದ್ದರೆ ನೈಲಾನ್ ಕೂಡ ಉಳಿಯುವುದಿಲ್ಲ. ಡಬ್ಬಿಯನ್ನು ಬಿಚ್ಚಿ ಮಲಗಿಸಿ ಮುದ್ರಿಸಿ. ಪಟ್ಟಿಯೊಳಗಿನ ಎಳೆಗಳು ಮಡಿಕೆಗೆ ಅಡ್ಡವಾಗಿ, ಡಬ್ಬಿಯಿಂದ ಮುಚ್ಚಳದವರೆಗೆ ತುಂಡಾಗದೆ ಓಡಬೇಕು; ಮಾದರಿಯನ್ನು ಪದರಗಳಾಗಿ ಸೀಳುವ ಸ್ಲೈಸರ್ ತಂತ್ರಾಂಶದಲ್ಲಿ ಎಳೆ ತುಂಬುವ ಕೋನವನ್ನು ಹಾಗೇ ತಿರುಗಿಸಿಕೊಳ್ಳಿ.

ಇಷ್ಟಾದ ಮೇಲೆ ವಸ್ತುವಿನ ಮಾತು. ಹಿಗ್ಗುವಿಕೆಯ ಅಂದಾಜು: ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿ. 0.4 ಮಿಮೀ ಪಟ್ಟಿ 4 ಮಿಮೀ ಉದ್ದವಿದ್ದು ಪೂರ್ತಿ ಮಡಚಿದರೆ ಅದು ಅರ್ಧವೃತ್ತವಾಗುತ್ತದೆ, ತ್ರಿಜ್ಯ ಸುಮಾರು 1.3 ಮಿಮೀ; ಹೊರಮೈ ಸುಮಾರು 15% ಹಿಗ್ಗುತ್ತದೆ. ಪಿಇಟಿಜಿಗೆ ಅದು ವಿಪರೀತ. ಮಡಿಕೆಯಲ್ಲಿ ಬಿಳಿ ಗೆರೆ ಮೂಡಿತೆಂದರೆ ಆಯುಷ್ಯ ಮುಗಿಯುತ್ತಾ ಬಂತು. ಉದ್ದವನ್ನು 20 ಮಿಮೀ ಮಾಡಿದರೆ ಹಿಗ್ಗು 3% ಆಸುಪಾಸು, ಪಿಇಟಿಜಿಯೂ ತಾಳುತ್ತದೆ. ಆದರೆ ಮಡಚಿಟ್ಟು ಬೇಸಿಗೆ ಬಿಸಿಲಲ್ಲಿ ಬಿಟ್ಟರೆ ಬಾಗಿದಂತೆಯೇ ಉಳಿದೀತು.

ಚಿಕ್ಕ ಮಡಿಕೆ ಬೇಕಾದರೆ ನಾನು ನೈಲಾನ್ ಅನ್ನೇ ಹಿಡಿಯುತ್ತೇನೆ. ಅದಕ್ಕೆ ಆರೈಕೆ ಹೆಚ್ಚು: ಮುದ್ರಿಸುವ ಮುಂಚೆ 70–80 ಡಿಗ್ರಿಯಲ್ಲಿ ಎಂಟು-ಹತ್ತು ತಾಸು ಒಣಗಿಸಬೇಕು, ಇಲ್ಲವಾದರೆ ನಳಿಕೆಯಲ್ಲಿ ಚಟಪಟ ಸದ್ದಾಗಿ ಪದರ ಸಡಿಲಾಗುತ್ತದೆ. ಮುದ್ರಿಸಿದ ಮೇಲೆ ಮಾತ್ರ ತೇವವೇ ಗೆಳೆಯ. ಒಂದೆರಡು ದಿನ ಗಾಳಿಗಿಟ್ಟು, ಅದು ಮೆತ್ತಗಾದ ಬಳಿಕ ಮೊದಲ ಸಲ ನಿಧಾನವಾಗಿ ಮಡಚಿ. ಗೆಳೆಯನ ಡಬ್ಬಿ ಈಗ ಹಾಗೆಯೇ ಮಾಡಿದ್ದು.